ಬ್ರೋಷರ್‌ನಲ್ಲಿ ಕಾಣೆಯಾದ ಕರ್ತೃ

ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಲು ವಿಚಾರಿಸುವವರ ಕೈಗೆ ಮೊದಲು ಬರುವುದು ಕಂಪನಿಯ ಬ್ರೋಷರ್. ಅದರಲ್ಲಿ ಇಂಥದೊಂದು ವಾಕ್ಯ ಇದ್ದೇ ಇರುತ್ತದೆ:

"ನಮ್ಮ ಸಂಸ್ಥೆಯ ವತಿಯಿಂದ ಅತ್ಯುನ್ನತ ಗುಣಮಟ್ಟವನ್ನು ಹೊಂದಿರುವಂತಹ ಸೋಲಾರ್ ವಾಟರ್ ಹೀಟರ್‌ಗಳ ಉತ್ಪಾದನಾ ಕಾರ್ಯವನ್ನು ಕೈಗೊಳ್ಳಲಾಗುತ್ತಿದ್ದು, ಪ್ರತಿಯೊಂದು ಉಪಕರಣವನ್ನೂ ಸಹ ನುರಿತ ತಂತ್ರಜ್ಞರ ಮುಖಾಂತರ ಕೂಲಂಕಷವಾಗಿ ಪರೀಕ್ಷೆಗೆ ಒಳಪಡಿಸಿದ ನಂತರವಷ್ಟೇ ಗ್ರಾಹಕರಿಗೆ ತಲುಪಿಸುವ ವ್ಯವಸ್ಥೆಯನ್ನು ಮಾಡಲಾಗಿರುತ್ತದೆ."

26 ಪದಗಳಿಂದ ಓದುಗರಿಗೆ ತಿಳಿದದ್ದು ಇಷ್ಟೇ: ಕಂಪನಿ ಹೀಟರ್ ತಯಾರಿಸುತ್ತದೆ, ಪರೀಕ್ಷಿಸಿ ಮಾರುತ್ತದೆ. ಹೀಗೆ ಬರೆಸುವ ಮಾಲೀಕರನ್ನು ಕೇಳಿದರೆ, ಚಿಕ್ಕದಾಗಿ ಬರೆದರೆ ಕಂಪನಿಯೂ ಚಿಕ್ಕದಾಗಿ ಕಾಣುತ್ತದೆ ಎನ್ನುತ್ತಾರೆ. ಆ ಆತಂಕವನ್ನು ತಳ್ಳಿಹಾಕುವಂತಿಲ್ಲ. ಗ್ರಾಹಕರು ದೊಡ್ಡ ಮೊತ್ತ ಕೊಟ್ಟು, ವರ್ಷಗಟ್ಟಲೆ ತಾರಸಿಯ ಮೇಲಿರುವ ವಸ್ತುವನ್ನು ಕೊಳ್ಳುತ್ತಿದ್ದಾರೆ. ಬ್ರೋಷರ್ ಹಗುರವಾಗಿ ಮಾತನಾಡಬಾರದು. ಆದರೆ ಮೇಲಿನ ವಾಕ್ಯದ ತೂಕ ಸರ್ಕಾರಿ ಸುತ್ತೋಲೆಯಿಂದ ಬಂದದ್ದು, ಹೀಟರ್‌ನಿಂದ ಬಂದದ್ದಲ್ಲ.

ತಿದ್ದುವಾಗ ಮೊದಲು ಹುಡುಕಬೇಕಾದದ್ದು ನಾಮಪದದೊಳಗೆ ಸಿಕ್ಕಿಕೊಂಡ ಕ್ರಿಯಾಪದವನ್ನು. "ಉತ್ಪಾದನಾ ಕಾರ್ಯವನ್ನು ಕೈಗೊಳ್ಳು" ಎಂದರೆ ತಯಾರಿಸು. "ಪರೀಕ್ಷೆಗೆ ಒಳಪಡಿಸು" ಎಂದರೆ ಪರೀಕ್ಷಿಸು. "ತಲುಪಿಸುವ ವ್ಯವಸ್ಥೆಯನ್ನು ಮಾಡು" ಎಂದರೆ ತಲುಪಿಸು. ಕ್ರಿಯಾಪದ ಹೊರಬಂದೊಡನೆ "ವತಿಯಿಂದ", "ಹೊಂದಿರುವಂತಹ", "ಸಹ" ತಾವಾಗಿಯೇ ಉದುರುತ್ತವೆ.

ಎರಡನೆಯ ಕೆಲಸ ಕಷ್ಟದ್ದು. "ಲಾಗುತ್ತದೆ", "ಲಾಗಿದೆ", "ಲಾಗುವುದು" ಎಂದು ಮುಗಿಯುವ ಪ್ರತಿ ಕ್ರಿಯಾಪದದ ಪಕ್ಕ "ಯಾರು?" ಎಂದು ಪೆನ್ಸಿಲಿನಲ್ಲಿ ಬರೆಯಬೇಕು. ಉತ್ತರವನ್ನು ಊಹಿಸಬಾರದು, ಕಂಪನಿಯವರನ್ನೇ ಕೇಳಬೇಕು. "ಹೀಟರನ್ನು ಅಳವಡಿಸಲಾಗುತ್ತದೆ" ಎಂಬುದನ್ನು "ನಮ್ಮ ತಂತ್ರಜ್ಞರು ಅಳವಡಿಸುತ್ತಾರೆ" ಎಂದು ತಿದ್ದುವುದು ಸುಲಭ. ಆದರೆ ಆ ಕೆಲಸವನ್ನು ಡೀಲರ್ ಗೊತ್ತುಮಾಡಿದ ಪ್ಲಂಬರ್ ಮಾಡುತ್ತಿದ್ದರೆ, ಚೆಂದದ ವಾಕ್ಯ ಸುಳ್ಳು ಭರವಸೆಯಾಗುತ್ತದೆ. "ದೂರುಗಳ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬಲ್ಲಿ ಯಾರು, ಎಷ್ಟು ದಿನದಲ್ಲಿ ಎಂದು ಕೇಳಿದಾಗ ಕಂಪನಿಯಲ್ಲೇ ಉತ್ತರ ಇಲ್ಲದಿರುವುದೂ ಉಂಟು. ಆಗ ತಿದ್ದಬೇಕಾದದ್ದು ಭಾಷೆಯನ್ನಲ್ಲ. ಸರ್ವಿಸ್ ವಿಭಾಗದವರು ಕೂತು ಒಂದು ಗಡುವು ನಿರ್ಧರಿಸುವವರೆಗೆ ಆ ಸಾಲು ಕಾಯಬೇಕು.

"ಅತ್ಯುನ್ನತ ಗುಣಮಟ್ಟ" ಎಂಬುದಕ್ಕೂ ಇದೇ ಪ್ರಶ್ನೆ: ಹಾಗೆಂದವರು ಯಾರು? ಉತ್ಪನ್ನಕ್ಕೆ ಐಎಸ್ಐ ಗುರುತಿದ್ದರೆ ಅದರ ಜೊತೆಗೊಂದು ಪರವಾನಗಿ ಸಂಖ್ಯೆ ಇರುತ್ತದೆ. ಸಿಎಂ/ಎಲ್ ಎಂದು ಶುರುವಾಗುವ ಅದನ್ನು ಯಾರಾದರೂ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ವಿಶೇಷಣದ ಜಾಗದಲ್ಲಿ ಆ ಸಂಖ್ಯೆಯನ್ನು ಅಚ್ಚು ಹಾಕಿಸಿ. ಐಎಸ್‌ಒ 9001 ಮಾತ್ರ ಇದ್ದರೆ "ಐಎಸ್‌ಒ ಪ್ರಮಾಣಿತ ಹೀಟರ್" ಎನ್ನುವಂತಿಲ್ಲ. ಆ ಪ್ರಮಾಣಪತ್ರ ಸಂಸ್ಥೆಯ ಗುಣಮಟ್ಟ ನಿರ್ವಹಣೆಯ ಕ್ರಮಕ್ಕೆ ಸಲ್ಲುತ್ತದೆ, ಹೀಟರಿಗಲ್ಲ.

ಪರೀಕ್ಷೆಯ ವಿವರವನ್ನು ಕಾರ್ಖಾನೆಯಿಂದ ಕೇಳಿ ಪಡೆದರೆ ಮೊದಲ ವಾಕ್ಯ ಹೀಗಾಗಬಹುದು: "ಸೋಲಾರ್ ವಾಟರ್ ಹೀಟರ್‌ಗಳನ್ನು ತಯಾರಿಸುತ್ತೇವೆ. ಪ್ರತಿ ಟ್ಯಾಂಕಿಗೂ ಒತ್ತಡದಲ್ಲಿ ನೀರು ತುಂಬಿಸಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಳುಹಿಸುತ್ತೇವೆ." ಎಲ್ಲಿಯೂ "ನಾವು" ಇಲ್ಲದಿರುವುದನ್ನು ಗಮನಿಸಿ. ಕ್ರಿಯಾಪದದ ಕೊನೆಯ "ಏವೆ" ಆ ಕೆಲಸ ಮಾಡುತ್ತದೆ. ಪ್ರತಿ ಸಾಲಿಗೂ "ನಾವು" ಸೇರಿಸಿದರೆ ಬ್ರೋಷರ್ ಬಡಾಯಿ ಕೊಚ್ಚಿಕೊಂಡಂತೆ ಕೇಳಿಸುತ್ತದೆ. ಹಾಗೆಂದು "ತಯಾರಿಸ್ತೀವಿ" ಎಂಬ ಆಡುಮಾತಿಗೆ ಇಳಿಯಬೇಕಿಲ್ಲ. ಪೂರ್ಣ ಕ್ರಿಯಾಪದ, "ತಿಳಿಸಿ", "ಸಂಪರ್ಕಿಸಿ" ಎಂಬ ಗೌರವದ ರೂಪ, ನೋಂದಾಯಿತ ಹೆಸರು, ವಿಳಾಸ ಇವೆಲ್ಲ ಇದ್ದರೆ ಗಾಂಭೀರ್ಯಕ್ಕೆ ಕೊರತೆಯಾಗುವುದಿಲ್ಲ.

ಎಲ್ಲ ಕರ್ಮಣಿಯನ್ನೂ ಕೀಳಬೇಕೆಂದಲ್ಲ. "ಸಂಸ್ಥೆಯನ್ನು ಕಂಪನಿ ಕಾಯ್ದೆಯಡಿ ನೋಂದಾಯಿಸಲಾಗಿದೆ" ಎಂಬಲ್ಲಿ ನೋಂದಾಯಿಸಿದ ಅಧಿಕಾರಿ ಯಾರೆಂಬುದು ಯಾರಿಗೂ ಬೇಕಿಲ್ಲ; ಅದು ಹಾಗೇ ಇರಲಿ.

ಕತ್ತರಿ ಅತ್ಯಂತ ಎಚ್ಚರದಿಂದ ಆಡಬೇಕಾದದ್ದು ವಾರಂಟಿಯ ಪುಟದಲ್ಲಿ. "ಸಾಮಾನ್ಯ ಬಳಕೆಯಲ್ಲಿ", "ತಯಾರಿಕೆಯ ದೋಷಗಳಿಗೆ ಮಾತ್ರ" ಎಂಬ ಮಾತುಗಳು ಮೇಲ್ನೋಟಕ್ಕೆ ಹೆಚ್ಚುವರಿ ಎನಿಸುತ್ತವೆ. ಅವು ಷರತ್ತುಗಳು. ತೆಗೆದುಹಾಕಿದರೆ ಕಂಪನಿ ಕೊಡಲಾಗದ ಭರವಸೆಯನ್ನು ಕೊಟ್ಟಂತಾಗುತ್ತದೆ. ಬದಲಿಗೆ ಅಲ್ಲಿನ ಮಬ್ಬು ಮಾತನ್ನು ತಿಳಿಯಾಗಿಸಬಹುದು. "ನೀರಿನ ಗುಣಮಟ್ಟದ ಕಾರಣದಿಂದ ಉಂಟಾಗಬಹುದಾದ ಸಮಸ್ಯೆಗಳನ್ನು ಪರಿಗಣಿಸಲಾಗುವುದಿಲ್ಲ" ಎಂಬುದರ ಬದಲು "ಗಡಸು ನೀರಿನಿಂದ ಕೊಳವೆಗಳಲ್ಲಿ ಕಟ್ಟುವ ಸುಣ್ಣಕ್ಕೆ ವಾರಂಟಿ ಅನ್ವಯಿಸುವುದಿಲ್ಲ" ಎಂದರೆ, ಬೋರ್‌ವೆಲ್ ನೀರು ಬಳಸುವ ಮನೆಯವರು ಕೊಳ್ಳುವ ಮೊದಲೇ ಸಾಫ್ಟ್‌ನರ್ ಬೇಕೇ ಎಂದು ಕೇಳುತ್ತಾರೆ. ಈ ಪುಟ ಅಚ್ಚಿಗೆ ಹೋಗುವ ಮೊದಲು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ವಕೀಲರಿಗೂ ಸರ್ವಿಸ್ ವಿಭಾಗದ ಮುಖ್ಯಸ್ಥರಿಗೂ ತೋರಿಸಿ, ಒಂದು ಷರತ್ತೂ ಬಿಟ್ಟುಹೋಗಿಲ್ಲವೆಂದು ಸಾಲುಸಾಲಾಗಿ ಗುರುತು ಹಾಕಿಸಿಕೊಳ್ಳಬೇಕು.