ಬೆಂಕಿಕಡ್ಡಿಯ ನೂರನೇ ಚೌಕ

ನಾಲ್ಕು ಬೆಂಕಿಕಡ್ಡಿ ಇಟ್ಟು ಒಂದು ಚೌಕ ಮಾಡಿ. ಅದರ ಬಲಬದಿಯ ಕಡ್ಡಿಯನ್ನೇ ಮುಂದಿನ ಚೌಕದ ಎಡಬದಿ ಎಂದುಕೊಂಡರೆ ಎರಡನೆಯ ಚೌಕಕ್ಕೆ ಇನ್ನು ಮೂರೇ ಕಡ್ಡಿ ಸಾಕು. ಹೀಗೆ ಸಾಲಾಗಿ ಚೌಕ ಜೋಡಿಸುತ್ತ ಹೋದಂತೆ ಕಡ್ಡಿಗಳ ಲೆಕ್ಕ 4, 7, 10, 13 ಎಂದು ಬೆಳೆಯುತ್ತದೆ. ಎಂಟನೇ ತರಗತಿಯ ಮಕ್ಕಳು ಇದನ್ನು ನೋಡಿದ ಕೂಡಲೇ ‘ಮೂರು ಮೂರು ಹೆಚ್ಚುತ್ತೆ ಸರ್’ ಎನ್ನುತ್ತಾರೆ. ನೂರು ಚೌಕಕ್ಕೆ ಎಷ್ಟು ಕಡ್ಡಿ ಬೇಕು ಎಂದು ಕೇಳಿದಾಗ ಅದೇ ಮಕ್ಕಳು ತಡವರಿಸುತ್ತಾರೆ.

ಮಕ್ಕಳು ಮೊದಲು ಹೇಳಿದ್ದು ತಪ್ಪೇನಲ್ಲ, ಅದೊಂದು ನಿಜವಾದ ನಿಯಮ. ಹಿಂದಿನ ಸಂಖ್ಯೆ ಗೊತ್ತಿದ್ದರೆ ಮುಂದಿನದನ್ನು ಅದು ಹೇಳುತ್ತದೆ. ಆದರೆ ‘ಮೂರು ಹೆಚ್ಚುತ್ತೆ’ ಎಂಬಷ್ಟೇ ಸಾಲದು. 5, 8, 11 ಎಂಬ ಶ್ರೇಣಿಯಲ್ಲೂ ಮೂರೇ ಹೆಚ್ಚುತ್ತದೆ, 3, 6, 9ರಲ್ಲೂ ಅಷ್ಟೇ. ಎಲ್ಲಿಂದ ಶುರು ಎಂಬುದನ್ನೂ ಹೇಳಿದಾಗ ಮಾತ್ರ ನಿಯಮ ಪೂರ್ತಿಯಾಗುತ್ತದೆ: ಮೊದಲ ಪದ 4, ಆಮೇಲಿನ ಪ್ರತಿ ಪದವೂ ಹಿಂದಿನದಕ್ಕಿಂತ 3 ಹೆಚ್ಚು. ಈ ದಾರಿಯಲ್ಲಿ ನೂರನೆಯ ಚೌಕವನ್ನು ಮುಟ್ಟಲು ತೊಂಬತ್ತೊಂಬತ್ತು ಸಲ ಕೂಡಬೇಕು. ಚೌಕದ ಸಂಖ್ಯೆಯನ್ನು ಹಾಕಿದ ಕೂಡಲೇ ಕಡ್ಡಿಗಳ ಸಂಖ್ಯೆ ಸಿಗುವಂಥ ನೇರ ಸೂತ್ರ ನಮಗೆ ಬೇಕು.

ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು n + 3 ಎಂದು ಬರೆಯುವುದು. ಮಗುವಿನ ಮನಸ್ಸಿನಲ್ಲಿ n ಎಂದರೆ ಹಿಂದಿನ ಕಡ್ಡಿಗಳ ಸಂಖ್ಯೆ, ಆದರೆ ಪ್ರಶ್ನೆಯಲ್ಲಿ n ಇರುವುದು ಚೌಕಗಳ ಸಂಖ್ಯೆಗೆ. ಸಾಲದ್ದಕ್ಕೆ n = 1 ಎಂದು ಹಾಕಿ ನೋಡಿದರೆ 4 ಎಂಬ ಸರಿಯಾದ ಉತ್ತರವೇ ಬಂದುಬಿಡುತ್ತದೆ! n = 2 ಹಾಕಿದಾಗ 7ರ ಬದಲು 5 ಬರುತ್ತದೆ, ಆಗ ತಪ್ಪು ಬಯಲಾಗುತ್ತದೆ. ಅದಕ್ಕೇ ಒಂದೇ ಪದಕ್ಕೆ ತಾಳೆ ನೋಡಿ ಬಿಡಬಾರದು. ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಹತ್ತು ಚೌಕಕ್ಕೆ 31 ಕಡ್ಡಿ ಎಂದು ಎಣಿಸಿದವರು ನೂರಕ್ಕೆ ಹತ್ತು ಪಟ್ಟು, ಅಂದರೆ 310 ಎನ್ನುತ್ತಾರೆ. ಹತ್ತು ಚೌಕಗಳ ಹತ್ತು ಸಾಲುಗಳನ್ನು ನಿಜವಾಗಿ ಒಂದಕ್ಕೊಂದು ಜೋಡಿಸಿ ನೋಡಿದರೆ ಎಡವಿದ್ದೆಲ್ಲಿ ಎಂದು ತಿಳಿಯುತ್ತದೆ. ಜೋಡಣೆಯಾಗುವ ಒಂಬತ್ತು ಕಡೆಗಳಲ್ಲೂ ಎರಡೆರಡು ಕಡ್ಡಿ ಒಂದರ ಪಕ್ಕ ಒಂದು ಕೂರುತ್ತವೆ. ಆ ಒಂಬತ್ತನ್ನು ತೆಗೆದರೆ ಉಳಿಯುವುದು 301.

ತರಗತಿಯಲ್ಲಿ ಸಾಮಾನ್ಯವಾಗಿ ಮೊದಲು ಒಂದು ಕೋಷ್ಟಕ ಮಾಡಿಸುತ್ತೇವೆ: ಮೇಲೆ 1, 2, 3, 4, ಕೆಳಗೆ 4, 7, 10, 13. ನನ್ನ ದೃಷ್ಟಿಯಲ್ಲಿ ತೊಡಕು ಶುರುವಾಗುವುದೇ ಇಲ್ಲಿ. 13 ಎಂದು ಬರೆದ ಕ್ಷಣ, ಆ ಹದಿಮೂರು ಹೇಗಾಯಿತು ಎಂಬುದೆಲ್ಲ ಅಳಿಸಿಹೋಗುತ್ತದೆ. ಕೂಡುವುದನ್ನು ಸ್ವಲ್ಪ ಹೊತ್ತು ತಡೆದು, ಹೀಗೆ ಬರೆದು ನೋಡಿ:

4
4 + 3
4 + 3 + 3
4 + 3 + 3 + 3

ನಾಲ್ಕನೆಯ ಸಾಲಿನಲ್ಲಿ ಮೂರು ಎಷ್ಟು ಸಲ ಬಂದಿದೆ? ಮೂರು ಸಲ. ಮೂರನೆಯ ಸಾಲಿನಲ್ಲಿ ಎರಡು ಸಲ. ಸಾಲಿನ ಸಂಖ್ಯೆಗಿಂತ ಯಾವಾಗಲೂ ಒಂದು ಕಡಿಮೆ, ಯಾಕೆಂದರೆ ಮೊದಲ ಚೌಕಕ್ಕೆ ಏನನ್ನೂ ಸೇರಿಸಿಲ್ಲ. ಹಾಗಾಗಿ n ಚೌಕಕ್ಕೆ 4 + 3(n − 1). ನೂರನೆಯದಕ್ಕೆ 4 + 3 × 99, ಅಂದರೆ 301. ಹತ್ತನೇ ತರಗತಿಯಲ್ಲಿ ಸಮಾಂತರ ಶ್ರೇಢಿಯ ಪಾಠದಲ್ಲಿ a + (n − 1)d ಎಂದು ಬಾಯಿಪಾಠವಾಗುವ ಸೂತ್ರ ಇದೇ. ಆ n − 1 ಎಲ್ಲಿಂದ ಬಂತು ಎಂಬುದು ಕಡ್ಡಿ ಜೋಡಿಸಿದ ಮಗುವಿಗೆ ಮೊದಲೇ ಗೊತ್ತಿರುತ್ತದೆ.

ಚಿತ್ರವನ್ನೇ ನೋಡಿ ಎಣಿಸುವ ಬೇರೆ ದಾರಿಗಳೂ ಇವೆ. ಎಡತುದಿಯಲ್ಲಿ ಒಂದು ಕಡ್ಡಿಯನ್ನು ನಿಲ್ಲಿಸಿ, ಚೌಕಕ್ಕೆ ಮೂರರಂತೆ ಇಡುತ್ತ ಹೋದೆ ಎನ್ನುವವಳು 1 + 3n ಎಂದು ಬರೆಯುತ್ತಾಳೆ. ಮೇಲೆ n, ಕೆಳಗೆ n, ನಿಂತ ಕಡ್ಡಿಗಳು n + 1 ಎಂದು ಇನ್ನೊಬ್ಬ ವಿಂಗಡಿಸುತ್ತಾನೆ. ಬಿಡಿ ಚೌಕಗಳಾಗಿದ್ದರೆ 4n ಬೇಕಿತ್ತು, ಪಾಲು ಹಂಚಿಕೊಂಡ n − 1 ಕಡ್ಡಿ ಕಳೆದೆ ಎಂದು ಮತ್ತೊಬ್ಬಳು ಹೇಳುತ್ತಾಳೆ. ಆವರಣ ಬಿಡಿಸಿ ಸಜಾತಿ ಪದಗಳನ್ನು ಕೂಡಿದರೆ ಎಲ್ಲವೂ 3n + 1 ಆಗುತ್ತವೆ. ಸರಳೀಕರಿಸು ಎಂಬ ಲೆಕ್ಕಕ್ಕೆ ಇಷ್ಟು ಒಳ್ಳೆಯ ಕಾರಣ ಬೇರೆಡೆ ಸಿಗುವುದು ಕಷ್ಟ.

ಇನ್ನು ಹಿಂದಿರುಗುವ ದಾರಿ. ಇದನ್ನು ಬಹಳ ಕಡೆ ಬಿಟ್ಟೇಬಿಡುತ್ತಾರೆ. ಸೂತ್ರ ಸಿಕ್ಕಿತು, ಅದರಿಂದ ‘ಮೂರು ಹೆಚ್ಚುತ್ತೆ’ ಎಂಬ ಹಳೆಯ ನಿಯಮ ಮರಳಿ ಬರುತ್ತದೆಯೇ? n ಇದ್ದಲ್ಲಿ n + 1 ಇಡಿ: 3(n + 1) + 1. ಬಿಡಿಸಿದರೆ 3n + 3 + 1, ಅಂದರೆ (3n + 1) + 3. ಆವರಣದಲ್ಲಿರುವುದು ಹಿಂದಿನ ಪದ, ಹೊರಗಿರುವುದು ಹೊಸ ಚೌಕಕ್ಕೆ ಸೇರಿದ ಮೂರು ಕಡ್ಡಿ. ಯಾರಾದರೂ 3n + 2 ಎಂದು ಬರೆದಿದ್ದರೂ ಈ ಪರೀಕ್ಷೆಯಲ್ಲಿ ಮೂರೇ ಬರುತ್ತಿತ್ತು, ಆದರೆ ಅದರ ಮೊದಲ ಪದ 5. ಆದ್ದರಿಂದ ಹೆಚ್ಚಳ, ಆರಂಭ ಎರಡನ್ನೂ ನೋಡಬೇಕು. ಎರಡೂ ಕೂಡಿಬಂದರೆ ಮುಂದಿನ ಯಾವ ಪದವೂ ತಪ್ಪಲು ಸಾಧ್ಯವಿಲ್ಲ.

ಹೆಚ್ಚಳ ಒಂದೇ ಸಮ ಇಲ್ಲದಿದ್ದರೆ? ಒಂದು ತ್ರಿಕೋನದ ಕೆಳಗೆ ಎರಡು, ಅದರ ಕೆಳಗೆ ಮೂರು, ಹೀಗೆ ತ್ರಿಕೋನಗಳನ್ನು ಸಾಲುಸಾಲಾಗಿ ಜೋಡಿಸಿ ದೊಡ್ಡ ತ್ರಿಕೋನ ಮಾಡೋಣ. ಕಡ್ಡಿಗಳು 3, 9, 18, 30. ಮೊದಲ ಎರಡನ್ನು ಮಾತ್ರ ನೋಡಿದವರು ‘ಮೂರರಿಂದ ಗುಣಿಸು’ ಎಂದು 27ನ್ನು ಹೇಳುತ್ತಾರೆ, ‘ಆರು ಹೆಚ್ಚುತ್ತೆ’ ಎನ್ನುವವರು 15ನ್ನು ಹೇಳುತ್ತಾರೆ. ಸಂಖ್ಯೆಗಳನ್ನು ಬಿಟ್ಟು ಚಿತ್ರ ನೋಡಿದರೆ ಇಬ್ಬರಿಗೂ ಉತ್ತರ ಸಿಗುತ್ತದೆ. ತುದಿ ಮೇಲಾಗಿ ನಿಂತ ಪ್ರತಿ ಚಿಕ್ಕ ತ್ರಿಕೋನಕ್ಕೂ ತನ್ನದೇ ಮೂರು ಕಡ್ಡಿ ಇವೆ. ತಲೆಕೆಳಗಾದ ತ್ರಿಕೋನಗಳು ಅವುಗಳ ನಡುವಿನ ಜಾಗದಲ್ಲಿ ತಾವೇ ಮೂಡುತ್ತವೆ, ಅವಕ್ಕೆ ಬೇರೆ ಕಡ್ಡಿ ಬೇಡ. n ನೇ ಸಾಲಿನಲ್ಲಿ n ತ್ರಿಕೋನ ಇರುವುದರಿಂದ ಆ ಸಾಲು 3n ಕಡ್ಡಿ ಸೇರಿಸುತ್ತದೆ.

ಇಲ್ಲೂ ಕೂಡುವ ಆತುರ ಬೇಡ. ನಾಲ್ಕು ಸಾಲಿಗೆ 3 + 6 + 9 + 12 ಎಂದಿರಲಿ, ಇನ್ನೂ ಬಿಡಿಸಿದರೆ 3 × (1 + 2 + 3 + 4). ಆವರಣದೊಳಗಿನ ಮೊತ್ತವನ್ನು ಹಿಂದುಮುಂದಾಗಿ ಬರೆದು ಅದರ ಕೆಳಗೇ ಇಟ್ಟರೆ ಪ್ರತಿ ಜೋಡಿಯೂ 5, ಅಂಥವು ನಾಲ್ಕು, ಒಟ್ಟು 20. ಪ್ರತಿ ಸಂಖ್ಯೆಯೂ ಎರಡು ಸಲ ಬಂದಿರುವುದರಿಂದ ಅದರ ಅರ್ಧ 10. n ಸಾಲಿಗೆ ಇದೇ ಮೊತ್ತ n(n + 1)/2, ಆದ್ದರಿಂದ ಕಡ್ಡಿಗಳು 3n(n + 1)/2. ಹತ್ತು ಸಾಲಿನ ತ್ರಿಕೋನಕ್ಕೆ 165 ಕಡ್ಡಿ.

ನೇರ ಸೂತ್ರ ಕೈಯಲ್ಲಿದ್ದರೆ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. 50 ಕಡ್ಡಿ ಇದ್ದರೆ ಸಾಲಿನಲ್ಲಿ ಎಷ್ಟು ಚೌಕ? 3n + 1 ಐವತ್ತನ್ನು ಮೀರಬಾರದು, ಹಾಗಾಗಿ 16 ಚೌಕ, ಒಂದು ಕಡ್ಡಿ ಉಳಿಯುತ್ತದೆ. ಆದರೆ ಮುಂದಿನ ಚೌಕವನ್ನು ಕೈಯಲ್ಲಿ ಕಟ್ಟುವುದು ಹೇಗೆಂದು 3n + 1 ತಾನಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಹಿಂದಿನ ಪದದ ನಿಯಮವೇ.

ಇನ್ನೊಂದನ್ನು ನೀವೇ ಮಾಡಿ ನೋಡಿ. ಉದ್ದಕ್ಕೂ ಅಗಲಕ್ಕೂ ಸಮ ಸಂಖ್ಯೆಯ ಮನೆಗಳಿರುವ ಚೌಕಪಟ್ಟಿಗೆ 4, 12, 24, 40 ಕಡ್ಡಿ ಬೇಕು. ಅಡ್ಡ ಮಲಗಿದ ಕಡ್ಡಿಗಳು ಎಷ್ಟು ಸಾಲು, ಒಂದೊಂದು ಸಾಲಿನಲ್ಲಿ ಎಷ್ಟು ಎಂದು ಮೊದಲು ಎಣಿಸಿ. ಮೊತ್ತ ಬರೆಯುವ ಮುಂಚೆ, ಎಣಿಸಿದ ಬಗೆಯನ್ನು ಹಾಗೆಯೇ ಬರೆದಿಡಿ.