ಬಡ್ಡಿಗೆ ವರ್ಷವೆಂದರೆ ಎಷ್ಟು ದಿನ? 360 ಮತ್ತು 365ರ ಲೆಕ್ಕಾಚಾರ

ರಾಯಚೂರು: ಮುಂಗಾರಿನಲ್ಲಿ ಸಾಲ ಪಡೆದು, ಹತ್ತಿ ಅಥವಾ ಭತ್ತ ಮಾರಿದ ನಂತರ ತೀರಿಸುವುದು ದೇವದುರ್ಗ, ಮಾನ್ವಿ ಭಾಗದ ರೈತರ ವಾಡಿಕೆ. ಸಾಲ ಪಡೆಯುವಾಗ ಬಡ್ಡಿ ದರ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಆದರೆ ಆ ದರವನ್ನು ಎಷ್ಟು ದಿನಗಳ ವರ್ಷಕ್ಕೆ ಹಂಚಲಾಗುತ್ತದೆ ಎಂದು ಕೇಳುವವರು ವಿರಳ. ದರ ಒಂದೇ ಆಗಿದ್ದರೂ ದಿನ ಎಣಿಸುವ ಪದ್ಧತಿ ಬದಲಾದರೆ ಬಡ್ಡಿಯ ಮೊತ್ತವೂ ಬದಲಾಗುತ್ತದೆ.

ಚಾಲ್ತಿಯಲ್ಲಿರುವ ಪದ್ಧತಿಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದರಲ್ಲಿ ಕ್ಯಾಲೆಂಡರಿನ ಪ್ರಕಾರ ನಿಜವಾಗಿ ಕಳೆದ ದಿನಗಳನ್ನು ಎಣಿಸಿ 365ರಿಂದ ಭಾಗಿಸಲಾಗುತ್ತದೆ. ಅಧಿಕ ವರ್ಷದ ದಿನಗಳನ್ನು ಪ್ರತ್ಯೇಕಿಸಿ 366ರಿಂದ ಭಾಗಿಸಿದರೆ ಅದು 'ವಾಸ್ತವ ದಿನ, ವಾಸ್ತವ ವರ್ಷ' ಪದ್ಧತಿ ಎನಿಸುತ್ತದೆ. ಎರಡನೆಯದರಲ್ಲಿ ಪ್ರತಿ ತಿಂಗಳಿಗೂ 30 ದಿನ, ವರ್ಷಕ್ಕೆ 360 ದಿನ. ಇದರಲ್ಲಿ 31ನೇ ತಾರೀಖಿಗೆ ಬೆಲೆಯಿಲ್ಲ. ಜುಲೈ 30ರಿಂದ ಜುಲೈ 31ರವರೆಗೆ ಸೊನ್ನೆ ದಿನ.

ನಮ್ಮ ಭಾಗದಲ್ಲಿ 'ತಿಂಗಳಿಗೆ ನೂರಕ್ಕೆ ಎರಡು' ಎಂಬ ಲೇವಾದೇವಿಯ ಮಾತಿನ ಹಿಂದಿರುವುದು ಈ ಎರಡನೆಯ ಪದ್ಧತಿಯೇ. ಕರ್ನಾಟಕ ಸರ್ಕಾರವು ಭಾರತೀಯ ರಿಸರ್ವ್ ಬ್ಯಾಂಕ್ ಮೂಲಕ ಮಾರುವ ಸಾಲಪತ್ರಗಳಿಗೂ 30/360ರ ಲೆಕ್ಕವೇ ಅನ್ವಯಿಸುತ್ತದೆ. ಅರ್ಧ ವರ್ಷಕ್ಕೆ ಸರಿಯಾಗಿ 180 ದಿನ ಬರುವುದರಿಂದ ಪ್ರತಿ ಕಂತಿನ ಬಡ್ಡಿ ಸಮನಾಗಿರುತ್ತದೆ. ಬ್ಯಾಂಕುಗಳ ರೂಪಾಯಿ ಸಾಲದಲ್ಲಿ ಮಾತ್ರ ಸಾಮಾನ್ಯವಾಗಿ ವಾಸ್ತವ ದಿನಗಳನ್ನೇ ಎಣಿಸಲಾಗುತ್ತದೆ.

ಒಂದು ಉದಾಹರಣೆ ನೋಡೋಣ. 2023ರ ಜೂನ್ 15ರಂದು ಶೇ 7ರ ದರದಲ್ಲಿ 1 ಲಕ್ಷ ರೂಪಾಯಿ ಪಡೆದು, 2024ರ ಮಾರ್ಚ್ 15ರಂದು ಪೂರ್ತಿ ತೀರಿಸಲಾಯಿತು ಎಂದಿಟ್ಟುಕೊಳ್ಳಿ. ಪಡೆದ ದಿನವನ್ನು ಸೇರಿಸಿ, ತೀರಿಸಿದ ದಿನವನ್ನು ಬಿಟ್ಟರೆ, ಫೆಬ್ರುವರಿ 29 ಸೇರಿ 274 ದಿನಗಳಾಗುತ್ತವೆ. ಒಂದು ವರ್ಷದ ಬಡ್ಡಿ 7,000 ರೂಪಾಯಿ. ಅದನ್ನು 274ರಿಂದ ಗುಣಿಸಿ 365ರಿಂದ ಭಾಗಿಸಿದರೆ 5,254.79 ರೂಪಾಯಿ. 30/360ರಲ್ಲಿ ಒಂಬತ್ತು ತಿಂಗಳಿಗೆ 270 ದಿನವಾಗುವುದರಿಂದ 5,250 ರೂಪಾಯಿ. ವಾಸ್ತವ ದಿನ, ವಾಸ್ತವ ವರ್ಷದ ಲೆಕ್ಕದಲ್ಲಿ 5,250.92 ರೂಪಾಯಿ. ಅಂದರೆ ಈ ಮೂರರ ನಡುವಿನ ವ್ಯತ್ಯಾಸ ಐದು ರೂಪಾಯಿಗೂ ಕಡಿಮೆ.

ಸಾಲಗಾರನಿಗೆ ನಷ್ಟವಾಗುವುದು ಎರಡು ಪದ್ಧತಿಗಳು ಬೆರೆತಾಗ. ದಿನಗಳನ್ನು ಕ್ಯಾಲೆಂಡರಿನಂತೆ 274 ಎಂದು ಎಣಿಸಿ, ಭಾಗಿಸುವಾಗ 360 ಬಳಸಿದರೆ ಬಡ್ಡಿ 5,327.78 ರೂಪಾಯಿಗೆ ಏರುತ್ತದೆ. ಡಾಲರ್ ಸಾಲಗಳಲ್ಲಿ ಇದು ಒಪ್ಪಿತ ಕ್ರಮ. ಆದರೆ ಒಪ್ಪಂದದಲ್ಲಿ ಹೇಳದೆ ಹೀಗೆ ಮಾಡಿದರೆ ವರ್ಷಕ್ಕೆ ಐದು ದಿನಗಳ ಬಡ್ಡಿಯನ್ನು ಹೆಚ್ಚುವರಿಯಾಗಿ ಪಡೆದಂತೆ. ಹತ್ತಿ ಜಿನ್ನಿಂಗ್ ಮಿಲ್ಲೊಂದು ಶೇ 10ರ ದರದಲ್ಲಿ 1 ಕೋಟಿ ರೂಪಾಯಿ ಪಡೆದಿದ್ದರೆ, ವರ್ಷಕ್ಕೆ ಸುಮಾರು 13,889 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ಒಂದು ವರ್ಷದ ಬಡ್ಡಿಯನ್ನು ವಾಸ್ತವ ದಿನಗಳಿಂದ ಗುಣಿಸಿ, ವಿಧಿಸಿರುವ ಬಡ್ಡಿಯಿಂದ ಭಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ 7,000 ಗುಣಿಸು 274, ಭಾಗಿಸು 5,327.78 ಎಂದರೆ ಉತ್ತರ 360. ಮೊದಲ ಮೂರು ಲೆಕ್ಕಗಳಲ್ಲಿ ಉತ್ತರ 365ರ ಆಸುಪಾಸಿನಲ್ಲೇ ಇರುತ್ತದೆ. ಉತ್ತರ 360ಕ್ಕೆ ಇಳಿದರೆ ವಿವರಣೆ ಕೇಳಬೇಕು. ಆದರೆ ಈ ಪರೀಕ್ಷೆ ಅಸಲು ಬದಲಾಗದ, ನಡುವೆ ಬಡ್ಡಿ ಅಸಲಿಗೆ ಸೇರದ ಅವಧಿಗೆ ಮಾತ್ರ ಸಲ್ಲುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಹಲವು ಸಲ ಹಣ ಪಡೆದಿದ್ದರೆ, ಪ್ರತಿ ಬಾಕಿ ಎಷ್ಟು ದಿನ ಉಳಿದಿತ್ತೆಂದು ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೂಡಿಸಬೇಕು.

ತಿಂಗಳ ಲೆಕ್ಕದ ಸಾಲದಲ್ಲಿ ಇದಕ್ಕಿಂತ ದೊಡ್ಡ ಹೊರೆ ಬೀಳುವುದು ಅರೆ ತಿಂಗಳನ್ನು ಪೂರ್ಣ ತಿಂಗಳೆಂದು ಹಿಡಿದಾಗ. ಅದೇ 1 ಲಕ್ಷ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಎರಡರಂತೆ ಪಡೆದು ಮಾರ್ಚ್ 20ರಂದು ತೀರಿಸಿದರೆ, ಒಂಬತ್ತು ತಿಂಗಳು ಐದು ದಿನಕ್ಕೆ 18,333 ರೂಪಾಯಿ ಬಡ್ಡಿಯಾಗುತ್ತದೆ. ಹತ್ತು ತಿಂಗಳೆಂದು ಬರೆದುಕೊಂಡರೆ 20,000 ರೂಪಾಯಿ. ಐದು ದಿನಕ್ಕಾಗಿ 1,667 ರೂಪಾಯಿ ಹೆಚ್ಚು.

ಬ್ಯಾಂಕು ಹಾಗೂ ಹಣಕಾಸು ಸಂಸ್ಥೆಗಳಲ್ಲಿಯೂ ಇಂಥ ಕ್ರಮ ಕಂಡುಬಂದ ಹಿನ್ನೆಲೆಯಲ್ಲಿ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರಂದು ಸುತ್ತೋಲೆ ಹೊರಡಿಸಿತು. ತಿಂಗಳ ನಡುವೆ ಸಾಲ ನೀಡಿದಾಗ ಅಥವಾ ತೀರಿಸಿದಾಗ ಇಡೀ ತಿಂಗಳ ಬಡ್ಡಿ ವಿಧಿಸುವುದು, ಹಣ ಕೈಸೇರುವ ಮೊದಲೇ ಮಂಜೂರಾತಿ ದಿನದಿಂದ ಬಡ್ಡಿ ಎಣಿಸುವುದು ನ್ಯಾಯಸಮ್ಮತವಲ್ಲ ಎಂದು ಅದು ಆಕ್ಷೇಪಿಸಿತು. ಆದ್ದರಿಂದ ಖಾತೆಯ ವಿವರಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಎರಡು ತಾರೀಖುಗಳನ್ನು: ಹಣ ಕೈಸೇರಿದ ದಿನ ಮತ್ತು ಬಡ್ಡಿ ಎಣಿಕೆ ಆರಂಭವಾದ ದಿನ.