ಎಂಟು ಪರ್ಸೆಂಟ್ ಬಿಟ್ಟರೆ ಹೋಗುವುದೆಷ್ಟು?

"ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ ಹೇಳಿ, ಇವತ್ತೇ ಆರ್ಡರ್ ಹಾಕ್ತೀನಿ." ತಿಂಗಳ ಕೊನೆಯ ವಾರದಲ್ಲಿ ಈ ಮಾತು ಕಿವಿಗೆ ಬಿದ್ದರೆ ಯಾವ ಸೇಲ್ಸ್ ಹುಡುಗನಿಗೂ ಎದೆ ಒಮ್ಮೆ ಹಗುರಾಗುತ್ತದೆ. ಟಾರ್ಗೆಟ್ ಮುಟ್ಟಲು ಒಂದೇ ಒಂದು ಆರ್ಡರ್ ಬಾಕಿ ಇದೆ, ಎದುರಿಗೆ ಕೂತವರು ತಾವಾಗಿ ಬಾಗಿಲು ತೆರೆದಿದ್ದಾರೆ. ಒಂದಿಷ್ಟು ಡಿಸ್ಕೌಂಟ್ ಕೊಟ್ಟು ಮುಗಿಸಿಬಿಡೋಣ ಅನ್ನಿಸುವುದು ಸಹಜ. ಇದನ್ನು ಅವನ ದೌರ್ಬಲ್ಯ ಎನ್ನಲು ನನಗೆ ಮನಸ್ಸಿಲ್ಲ. ಕಂಪನಿಯೇ ಅವನ ಮುಂದೆ ಇಟ್ಟಿರುವ ಲೆಕ್ಕ ಅವನನ್ನು ಆ ಕಡೆಗೆ ದೂಡುತ್ತದೆ.

ಆ ಲೆಕ್ಕವನ್ನು ಬಿಡಿಸಿ ನೋಡೋಣ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಏರ್ ಕಂಪ್ರೆಸರ್ ಮಾರುವ ಒಬ್ಬ ಡೀಲರ್ ಇದ್ದಾರೆ ಎಂದುಕೊಳ್ಳಿ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲೆಂದು ನಾನು ಹಾಕಿಕೊಂಡವು. ಯಂತ್ರದ ಪಟ್ಟಿ ಬೆಲೆ 5,00,000 ರೂಪಾಯಿ. ಡೀಲರ್ ಗೋಡೌನಿಗೆ ಅದು ಬಂದು ಬೀಳುವ ಅಸಲು 4,00,000. ಉಳಿಯುವ ಮಾರ್ಜಿನ್ ಒಂದು ಲಕ್ಷ. ಸಾಗಾಣಿಕೆ ಮತ್ತು ಫಿಟ್ಟಿಂಗ್ ಖರ್ಚು ಗಿರಾಕಿಯದ್ದು. ಮಾರಿದವನಿಗೆ ಮಾರಾಟದ ಮೊತ್ತದ ಮೇಲೆ 1 ಪರ್ಸೆಂಟ್ ಕಮಿಷನ್.

ಗಿರಾಕಿ 8 ಪರ್ಸೆಂಟ್ ಡಿಸ್ಕೌಂಟ್ ಕೇಳಿದರು, ಹುಡುಗ ಒಪ್ಪಿದ. 40,000 ಹೋಯಿತು. "ಫಿಟ್ಟಿಂಗ್ ನೀವೇ ಮಾಡಿಕೊಡಿ" ಎಂದರು, ಅದಕ್ಕೆ 8,000. "ಸಾಗಾಣಿಕೆಯೂ ನಿಮ್ಮದೇ" ಎಂದರು, 6,000. ಹೊರಡುವಾಗ, ದುಡ್ಡು ಎರಡು ತಿಂಗಳು ಬಿಟ್ಟು ಕೊಡುವುದಾಗಿ ಹೇಳಿದರು. ಡೀಲರ್ ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಕಟ್ಟುತ್ತಿದ್ದರೆ, 4,60,000ಕ್ಕೆ ಎರಡು ತಿಂಗಳ ಬಡ್ಡಿ ಸುಮಾರು 9,000. ಎಲ್ಲ ಕೂಡಿದರೆ 63,000. ಒಂದು ಲಕ್ಷದಲ್ಲಿ ಉಳಿದದ್ದು 37,000. ಡಿಸ್ಕೌಂಟ್ ಇಲ್ಲದೆ ಒಂದು ಯಂತ್ರ ಮಾರಿದ್ದರೆ ಬರುತ್ತಿದ್ದ ಹಣ ಬರಬೇಕೆಂದರೆ ಈಗ ಸುಮಾರು ಮೂರು ಯಂತ್ರ ಮಾರಬೇಕು.

ಇಷ್ಟೆಲ್ಲ ಆದಮೇಲೆ ಮಾರಿದವನ ಜೇಬಿನಿಂದ ಹೋದದ್ದೆಷ್ಟು? ಕಮಿಷನ್ 5,000 ಇದ್ದದ್ದು 4,600 ಆಯಿತು. ನಾನೂರು ರೂಪಾಯಿ. ಡಿಸ್ಕೌಂಟ್ ಅನುಮತಿಯ ನಿಯಮಗಳು ಹುಟ್ಟಿಕೊಂಡಿರುವುದೇ ಈ 63,000 ಮತ್ತು 400ರ ನಡುವಿನ ಅಂತರದಿಂದ.

ಸಾಮಾನ್ಯವಾಗಿ ಕಂಪನಿಗಳು ಮಾಡುವ ನಿಯಮ ಹೀಗಿರುತ್ತದೆ: 5 ಪರ್ಸೆಂಟ್‌ವರೆಗೆ ಮಾರುವವನೇ ಬಿಡಬಹುದು, 10ರವರೆಗೆ ಏರಿಯಾ ಮ್ಯಾನೇಜರ್, ಅದಕ್ಕೂ ಮೇಲೆ ಸೇಲ್ಸ್ ಹೆಡ್. ನೋಡಲು ಅಚ್ಚುಕಟ್ಟು. ಆದರೆ ಮೇಲಿನ ವ್ಯವಹಾರಕ್ಕೆ ಇದನ್ನು ಹಚ್ಚಿ ನೋಡಿ. ಅರ್ಜಿಯಲ್ಲಿ ಕಾಣುವುದು 8 ಪರ್ಸೆಂಟ್ ಮಾತ್ರ, ಏರಿಯಾ ಮ್ಯಾನೇಜರ್ ಸಹಿ ಹಾಕಿದರೆ ಮುಗಿಯಿತು. ಫಿಟ್ಟಿಂಗ್, ಸಾಗಾಣಿಕೆ, ಎರಡು ತಿಂಗಳ ಸಾಲ ಯಾವುದೂ ಅವರ ಕಣ್ಣಿಗೆ ಬೀಳಲೇ ಇಲ್ಲ. ಬೆಲೆಗೆ ಬೇಲಿ ಹಾಕಿದಾಗೆಲ್ಲ ರಿಯಾಯಿತಿ ಹೀಗೆ ಬೇರೆ ಹೆಸರಿನಲ್ಲಿ ಹೊರಬೀಳುತ್ತದೆ. 1992ರಲ್ಲೇ ಮೈಕಲ್ ಮಾರ್ನ್ ಮತ್ತು ರಾಬರ್ಟ್ ರೊಸಿಯೆಲ್ಲೊ ಎಂಬ ಸಲಹೆಗಾರರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದ ತಿರುಳೂ ಇದೇ: ಬಿಲ್ಲಿನಲ್ಲಿರುವ ಬೆಲೆಯನ್ನು ನೋಡಿ ಸುಮ್ಮನಾಗಬೇಡಿ, ಬಿಲ್ಲಿನ ಹೊರಗೆ ಕೊಟ್ಟದ್ದನ್ನೆಲ್ಲ ಕಳೆದು ಕೊನೆಗೆ ಜೇಬಿಗೆ ಬಂದದ್ದೆಷ್ಟು ಎಂದು ನೋಡಿ.

ಆದ್ದರಿಂದ ಮಿತಿಯನ್ನು ಬಿಟ್ಟುಕೊಟ್ಟ ಪರ್ಸೆಂಟ್ ಮೇಲೆ ಇಡುವ ಬದಲು ಉಳಿದ ಮಾರ್ಜಿನ್ ಮೇಲೆ ಇಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲವನ್ನೂ ಕಳೆದ ಮೇಲೆ ಮಾರಾಟ ಬೆಲೆಯ 16 ಪರ್ಸೆಂಟ್ ಉಳಿದರೆ ಮಾರುವವನೇ ತೀರ್ಮಾನಿಸಲಿ. 12ರಿಂದ 16 ಉಳಿದರೆ ಏರಿಯಾ ಮ್ಯಾನೇಜರ್, 8ರಿಂದ 12ಕ್ಕೆ ಸೇಲ್ಸ್ ಹೆಡ್ ಜೊತೆಗೆ ಅಕೌಂಟ್ಸ್, ಅದಕ್ಕಿಂತ ಕೆಳಗೆ ಮಾಲೀಕರೇ. ನಮ್ಮ ಕಂಪ್ರೆಸರ್ ವ್ಯವಹಾರದಲ್ಲಿ 4,60,000ಕ್ಕೆ ಉಳಿದದ್ದು 37,000, ಅಂದರೆ 8 ಪರ್ಸೆಂಟ್. ಇನ್ನೊಂದು ಸಾವಿರ ರೂಪಾಯಿ ಬಿಟ್ಟರೂ ಕಡತ ಮಾಲೀಕರ ಮೇಜಿಗೆ ಹೋಗಬೇಕಾಗುತ್ತದೆ. ಅದೇ ಆರ್ಡರ್, ಆದರೆ ಈಗ ಅದರ ನಿಜವಾದ ಭಾರ ಗೊತ್ತಾಯಿತು.

ಅರ್ಜಿಯಲ್ಲಿ ಇರಲೇಬೇಕಾದ ಇನ್ನೊಂದು ಸಾಲು, ಇದಕ್ಕೆ ಪ್ರತಿಯಾಗಿ ಗಿರಾಕಿ ಏನು ಕೊಡುತ್ತಿದ್ದಾರೆ ಎಂಬುದು. ಆ ಸಾಲು ಖಾಲಿ ಇದ್ದರೆ ಅರ್ಜಿ ಮುಂದೆ ಹೋಗಬಾರದು. ಆಗ ಹುಡುಗ ಗಿರಾಕಿಯ ಬಳಿ ಬೇರೆಯೇ ಮಾತು ಹಿಡಿದು ಹೋಗುತ್ತಾನೆ: "ಸಾರ್, ಅರ್ಧ ಅಡ್ವಾನ್ಸ್, ಉಳಿದದ್ದು ಮಾಲು ಇಳಿಸಿದಾಗ ಕೊಡೋದಾದ್ರೆ 4 ಪರ್ಸೆಂಟ್ ಬಿಡಬಹುದು, ಫಿಟ್ಟಿಂಗ್ ನಮ್ಮದು. ಸಾಗಾಣಿಕೆ ಮಾತ್ರ ನೀವು ನೋಡ್ಕೊಳ್ಳಿ." ಗಿರಾಕಿ ಒಪ್ಪಿದರೆ ಬೆಲೆ 4,80,000, ಫಿಟ್ಟಿಂಗ್ ಕಳೆದು ಉಳಿಯುವುದು 72,000, ಸರಿಯಾಗಿ 15 ಪರ್ಸೆಂಟ್. ಏರಿಯಾ ಮ್ಯಾನೇಜರ್ ಸಹಿ ಸಾಕು. ಗಿರಾಕಿಗೂ 28,000 ಉಳಿಯಿತು. ಸಾಲದ ಅಗತ್ಯ ನಿಜವಾಗಿ ಇರುವ ಗಿರಾಕಿ ಇದಕ್ಕೆ ಒಪ್ಪುವುದಿಲ್ಲ, ಆ ಆರ್ಡರ್ ಕೈತಪ್ಪಲೂಬಹುದು. ಅದು ಈ ನಿಯಮಕ್ಕೆ ತೆರಬೇಕಾದ ಬೆಲೆ.

ನಿಯಮ ಕೆಡುವುದು ಎಲ್ಲಿ? ಮೊದಲನೆಯದು ತಡ. ಬೆಳಿಗ್ಗೆ ಕಳಿಸಿದ ಅರ್ಜಿಗೆ ಮೂರು ದಿನ ಉತ್ತರ ಬಾರದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾರೆ. ಮುಂದಿನ ಸಲ ಹುಡುಗ ಅನುಮತಿ ಕೇಳದೆ ಮಾತು ಕೊಟ್ಟು ಬರುತ್ತಾನೆ. ಸಹಿ ಹಾಕುವವರಿಗೂ ಗಡುವು ಇರಬೇಕು, ಅವರು ರಜೆಯಲ್ಲಿದ್ದರೆ ಯಾರು ನೋಡುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ಟೆಂಡರ್ ಇದ್ದರಂತೂ ಬೆಲೆ ಸೀಲ್ ಆಗುವ ಮುಂಚೆಯೇ ಅನುಮತಿ ಬಂದಿರಬೇಕು, ಆಮೇಲೆ ಬಂದದ್ದರಿಂದ ಪ್ರಯೋಜನವಿಲ್ಲ.

ಎರಡನೆಯದು ಕಣ್ಣುಮುಚ್ಚಿ ಹಾಕುವ ಸಹಿ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಕಳೆದ ಮೂರು ತಿಂಗಳ ಆರ್ಡರ್‌ಗಳನ್ನು ತೆಗೆದು ಡಿಸ್ಕೌಂಟ್ ಪ್ರಕಾರ ಸಾಲಾಗಿ ಜೋಡಿಸಿ. ಬಹುಪಾಲು ಆರ್ಡರ್‌ಗಳು ಮಾರುವವನ ಮಿತಿಗೆ ಸರಿಯಾಗಿ ಬಂದು ನಿಂತಿದ್ದರೆ, ಆ ಮಿತಿಯೇ ಈಗ ಊರಿಗೆಲ್ಲ ಗೊತ್ತಿರುವ ಬೆಲೆಯಾಗಿದೆ ಎಂದರ್ಥ. ಮೇಲಕ್ಕೆ ಹೋದ ಅರ್ಜಿಗಳಲ್ಲಿ ಒಂದೂ ತಿರಸ್ಕೃತವಾಗದಿದ್ದರೆ ಅಲ್ಲಿ ಪರಿಶೀಲನೆ ನಡೆಯುತ್ತಿಲ್ಲ. ಒಂದೇ ಪಾರ್ಟಿಗೆ ಒಂದೇ ವಾರದಲ್ಲಿ ಎರಡು ಸಣ್ಣ ಬಿಲ್ ಆಗಿದ್ದರೆ, ದೊಡ್ಡ ಆರ್ಡರನ್ನು ಮಿತಿಯೊಳಗೆ ಕೂರಿಸಲು ಒಡೆದಿರಬಹುದೇ ಎಂದು ಕೇಳಬೇಕು. ಡಿಸ್ಕೌಂಟ್‌ಗಳೆಲ್ಲ ತಿಂಗಳ ಕೊನೆಯ ವಾರದಲ್ಲೇ ಗುಂಪಾಗಿದ್ದರೆ, ಆ ವಾರಕ್ಕಾಗಿ ಕಾಯುವುದನ್ನು ಗಿರಾಕಿಗಳು ಕಲಿತುಬಿಟ್ಟಿದ್ದಾರೆ.

ಹಾಗೆಂದು ಸಹಿಗಳಿಂದಲೇ ಎಲ್ಲ ಸರಿಹೋಗುವುದಿಲ್ಲ. ಕಮಿಷನ್ ಮಾರಾಟದ ಮೊತ್ತದ ಮೇಲೆಯೇ ಉಳಿದರೆ, ಅನುಮತಿ ಕೇಳುವವನ ಹಿತ ಮತ್ತು ಕೊಡುವವರ ಹಿತ ಎಂದಿಗೂ ಒಂದಾಗುವುದಿಲ್ಲ. ಉಳಿದ ಮಾರ್ಜಿನ್ನಿನ 5 ಪರ್ಸೆಂಟ್ ಕಮಿಷನ್ ಎಂದು ಬದಲಿಸಿ ನೋಡಿ. ಪಟ್ಟಿ ಬೆಲೆಗೆ ಮಾರಿದರೆ ಹಿಂದಿನಂತೆಯೇ 5,000. ಅಡ್ವಾನ್ಸ್ ಪಡೆದು ಮಾರಿದ ವ್ಯವಹಾರಕ್ಕೆ 3,600. ಎಲ್ಲವನ್ನೂ ಬಿಟ್ಟುಕೊಟ್ಟದ್ದಕ್ಕೆ 1,850. ಅಸಲು ಬೆಲೆಯನ್ನು ಮಾರುವವರಿಗೆ ಹೇಳಲು ಅನೇಕ ಮಾಲೀಕರು ಹಿಂಜರಿಯುತ್ತಾರೆ, ಅವನು ನಾಳೆ ಎದುರಾಳಿ ಕಂಪನಿಗೆ ಸೇರಬಹುದು ಎಂಬ ಅಳುಕಿನಿಂದ. ಆ ಅಳುಕಿಗೆ ಕಾರಣವಿದೆ. ಅಂಥ ಕಡೆ ಅಸಲು ತೋರಿಸದೆ, ಕೊಟೇಶನ್ ತಯಾರಿಸುವಾಗಲೇ ಹಸಿರು, ಹಳದಿ, ಕೆಂಪು ಎಂದು ಬಣ್ಣ ಕಾಣುವಂತೆ ಮಾಡಿ, ಪ್ರತಿ ಬಣ್ಣಕ್ಕೂ ಇಂತಿಷ್ಟು ಕಮಿಷನ್ ಎಂದು ಗೊತ್ತು ಮಾಡಬಹುದು. ಎರಡು ತಿಂಗಳ ಸಾಲ ಎಂದು ತುಂಬಿದ ಕೂಡಲೇ ಹಳದಿ ಕೆಂಪಾದರೆ, ಆ ಸಾಲದಿಂದ ತನಗೆಷ್ಟು ಕಡಿಮೆಯಾಗುತ್ತದೆ ಎಂಬುದು ಅವನಿಗೆ ಗಿರಾಕಿಯ ಎದುರು ಕೂತಾಗಲೇ ತಿಳಿಯುತ್ತದೆ.